ಒಂದೇ ಆ್ಯಪ್‌ನಲ್ಲಿ ಮಾಯವಾಗುವ ಉದ್ದ ಸ್ಕ್ರೀನ್‌ಶಾಟ್

ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಪಾಠದ ಆ್ಯಪ್ ತೆರೆದ ವಿದ್ಯಾರ್ಥಿನಿ ಸ್ಕ್ರೀನ್‌ಶಾಟ್ ತೆಗೆಯುತ್ತಾಳೆ. ಕೆಳಗೆ Capture more ಗುಂಡಿಯೇ ಇಲ್ಲ. ಅದೇ ಟ್ಯಾಬ್ಲೆಟ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಮಾತ್ರ ಗುಂಡಿ ಠಾಕುಠೀಕಾಗಿ ಬರುತ್ತದೆ. ಹಾಗಾದರೆ ಟ್ಯಾಬ್ಲೆಟ್ ಸರಿಯಿದೆ, ತಕರಾರು ಆ್ಯಪ್‌ನದು.

2021ರಲ್ಲಿ ಆಂಡ್ರಾಯ್ಡ್ 12ರೊಂದಿಗೆ ಬಂದ ಈ ಸೌಲಭ್ಯ ಪರದೆಯನ್ನು ತಾನೇ ಉರುಳಿಸಿ ಫೋಟೊ ಅಂಟಿಸುವುದಿಲ್ಲ. 'ನಿನ್ನಲ್ಲಿ ಉರುಳುವ ಭಾಗ ಯಾವುದು? ಅದರ ಮುಂದಿನ ತುಂಡನ್ನು ಕೊಡು' ಎಂದು ಅದು ಆ್ಯಪ್‌ಅನ್ನೇ ಕೇಳುತ್ತದೆ. ಆಂಡ್ರಾಯ್ಡ್‌ನ ಸಿದ್ಧ ಪಟ್ಟಿಗಳನ್ನು ಬಳಸಿದ ಆ್ಯಪ್‌ಗಳು ಸಾಮಾನ್ಯವಾಗಿ ಉತ್ತರಿಸುತ್ತವೆ. ಆಟಗಳಂತೆ ಇಡೀ ಪರದೆಯನ್ನು ತಾವೇ ಬಿಡಿಸಿಕೊಳ್ಳುವವು ಸುಮ್ಮನಿರುತ್ತವೆ. ಉತ್ತರವಿಲ್ಲದಿದ್ದರೆ ಗುಂಡಿಯೂ ಇಲ್ಲ.

ಅರ್ಧಕ್ಕೆ ನಿಲ್ಲುವ ಕಥೆ ಬೇರೆ. ಪುಟದ ಕೆಳಭಾಗ ಇನ್ನೂ ಇಂಟರ್ನೆಟ್‌ನಿಂದ ಇಳಿದಿರದಿದ್ದರೆ ಚಿತ್ರ ಅಲ್ಲಿಗೇ ತುಂಡಾಗಬಹುದು. ಮೊದಲು ಕೊನೆಯವರೆಗೆ ಬೆರಳಾಡಿಸಿ, ಮತ್ತೆ ಮೇಲೆ ಬಂದು ತೆಗೆದರೆ ಕೆಲವೊಮ್ಮೆ ಪೂರ್ತಿ ಸಿಗುತ್ತದೆ. ಉದ್ದಕ್ಕೂ ಮಿತಿಯಿದೆ, ಬಹಳ ಉದ್ದದ ಪುಟ ಒಂದೇ ಚಿತ್ರದಲ್ಲಿ ಹಿಡಿಸದು.

ಸ್ಯಾಮ್‌ಸಂಗ್‌ನಂಥ ಕಂಪನಿಗಳು ತಮ್ಮದೇ ವಿಧಾನ ಇಟ್ಟುಕೊಂಡಿರುವುದರಿಂದ ಫಲಿತಾಂಶ ಬದಲಾಗಬಹುದು.

ಬ್ಯಾಂಕ್ ಆ್ಯಪ್‌ಗಳಲ್ಲಿ ಮಾಮೂಲಿ ಸ್ಕ್ರೀನ್‌ಶಾಟೇ ಬರದಿದ್ದರೆ ಅದು ದೋಷವಲ್ಲ, ಬೇಕೆಂದೇ ಹಾಕಿದ ಬೀಗ. ಪಾಠದ ಆ್ಯಪ್‌ಗೆ ವೆಬ್‌ಸೈಟ್ ಇದ್ದರೆ ವಿದ್ಯಾರ್ಥಿನಿ ಅದನ್ನು ಕ್ರೋಮ್‌ನಲ್ಲಿ ತೆರೆದು, Share ಒಳಗಿನ Print ಮೂಲಕ ಪಿಡಿಎಫ್ ಆಗಿ ಉಳಿಸಬಹುದು. ಅಕ್ಷರಗಳೂ ಚಿತ್ರಕ್ಕಿಂತ ಸ್ಪಷ್ಟ.