ಅಂಚಿನಲ್ಲಿ ಕಳೆದುಹೋದ ಸೊನ್ನೆ

ರೈಲು ನಿಲ್ದಾಣದ ಎಲ್‌ಇಡಿ ಫಲಕ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿರುತ್ತದೆ. ಅದನ್ನೇ ಮೊಬೈಲಿನಲ್ಲಿ ಹಿಡಿದರೆ ಅರ್ಧ ಅಕ್ಷರಗಳು ಇರುವುದೇ ಇಲ್ಲ. ಮೊಬೈಲ್ ಕೆಟ್ಟಿಲ್ಲ. ಇಂಥ ಎಷ್ಟೋ ಫಲಕಗಳಲ್ಲಿ ದೀಪಗಳೆಲ್ಲ ಒಟ್ಟಿಗೆ ಉರಿಯುವುದಿಲ್ಲ. ಒಂದು ಸಾಲು ಆರುತ್ತಿದ್ದಂತೆ ಇನ್ನೊಂದು ಹೊತ್ತಿಕೊಳ್ಳುತ್ತದೆ. ಈ ಸರದಿ ಎಷ್ಟು ಬೇಗ ಸುತ್ತುತ್ತದೆಂದರೆ ಕಣ್ಣಿಗೆ ಎಲ್ಲವೂ ಒಂದಾಗಿ ಕಾಣುತ್ತದೆ. ಬೆಳಕು ಹೆಚ್ಚಿದ್ದಾಗ ಕ್ಯಾಮೆರಾದ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದಿರುತ್ತದೆ. ಆ ಗಳಿಗೆಯಲ್ಲಿ ಉರಿಯುತ್ತಿದ್ದ ಸಾಲುಗಳಷ್ಟೇ ಫೋಟೊಕ್ಕೆ ಸಿಗುತ್ತವೆ.

ಇಂಥ ಫೋಟೊದಿಂದ ಹೊತ್ತು, ಊರು, ಪ್ಲಾಟ್‌ಫಾರ್ಮ್ ಎಂಬ ಮೂರು ಸಂಗತಿಗಳನ್ನು ಅಕ್ಷರರೂಪದಲ್ಲಿ ಹೊರತೆಗೆಯುವವರು ಒಂದೇ ಚಿತ್ರವನ್ನು ನೆಚ್ಚಿಕೊಳ್ಳುವುದಿಲ್ಲ. ನಿಂತಲ್ಲೇ ನಾಲ್ಕಾರು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ಪ್ರತಿ ಬಿಂದುವಿನಲ್ಲೂ ಅತಿ ಹೆಚ್ಚು ಬೆಳಗಿದ್ದನ್ನು ಆರಿಸಿಕೊಳ್ಳುತ್ತಾರೆ. ಆಗ ಬಿಟ್ಟುಹೋದ ಸಾಲುಗಳು ತುಂಬಿಕೊಳ್ಳುತ್ತವೆ. ಪ್ರತಿಫಲನಕ್ಕೆ ಮದ್ದು ತಲೆಕೆಳಗು. ಗಾಜಿನ ಮೇಲಿನ ಬಿಳಿ ಹೊಳಪು ನಾವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ತಾನೂ ಸರಿಯುತ್ತದೆ, ಅಕ್ಷರ ಸರಿಯುವುದಿಲ್ಲ. ಹಾಗಾಗಿ ಬೇರೆ ಬೇರೆ ಕಡೆಯಿಂದ ತೆಗೆದ ಚಿತ್ರಗಳಲ್ಲಿ ಅತಿ ಕಡಿಮೆ ಬೆಳಕಿನ ಬಿಂದುವನ್ನು ಉಳಿಸಿಕೊಳ್ಳಬೇಕು. ಮೊದಲು ಸಾಲು ತುಂಬಿಸಿ, ಆಮೇಲೆ ಹೊಳಪು ಕಳೆಯಬೇಕು. ಕ್ರಮ ಅದಲುಬದಲಾದರೆ ಇರುವ ಅಕ್ಷರವೂ ಅಳಿಸಿಹೋಗುತ್ತದೆ. ಇನ್ನೊಂದು ತೊಡಕು ಭಾಷೆಯದು. ನಮ್ಮ ನಿಲ್ದಾಣಗಳ ಫಲಕ ಕನ್ನಡ, ಹಿಂದಿ, ಇಂಗ್ಲಿಷಿಗೆ ಸರದಿಯಂತೆ ಹೊರಳುತ್ತಿರುತ್ತದೆ. ಹೊರಳುವುದಕ್ಕೆ ಮುಂಚಿನ ಮತ್ತು ಆಮೇಲಿನ ಚಿತ್ರಗಳನ್ನು ಬೆರೆಸಿದರೆ ಯಾವ ಭಾಷೆಯೂ ಅಲ್ಲದ ಒಂದು ಗೋಜಲು ಕೈಗೆ ಬರುತ್ತದೆ.

ಓದಲಾಗದ ಅಕ್ಷರಕ್ಕಿಂತ ಅಪಾಯಕಾರಿಯಾದದ್ದು ಪೂರ್ತಿ ಮಾಯವಾದ ಸಾಲು. ಮೂರನೆಯ ಸಾಲಿನ ಬಲತುದಿ ಹೊಳಪಿನಲ್ಲಿ ಮುಳುಗಿದೆ ಎನ್ನಿ. ತಂತ್ರಾಂಶ ಪ್ಲಾಟ್‌ಫಾರ್ಮ್ ಅಂಕಣವನ್ನು ಮೇಲಿಂದ ಕೆಳಕ್ಕೆ ಓದಿಕೊಂಡು ಹೋದರೆ ನಾಲ್ಕನೆಯ ರೈಲಿನ ಸಂಖ್ಯೆ ಮೂರನೆಯದರ ಪಕ್ಕಕ್ಕೆ ಬಂದು ಕೂರುತ್ತದೆ, ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತದೆ. ಪ್ರತಿ ಅಂಕಿಯೂ ಸರಿ, ಪಟ್ಟಿ ಮಾತ್ರ ಸುಳ್ಳು. ಇದನ್ನು ತಡೆಯುವುದು ಕಷ್ಟವಲ್ಲ. ಫಲಕದ ನಾಲ್ಕು ಮೂಲೆ ಗುರುತಿಸಿ, ಓರೆಯಾದ ಚಿತ್ರವನ್ನು ನೇರ ಆಯತವಾಗಿ ಎಳೆದುಕೊಂಡರೆ ಸಾಲುಗಳ ನಡುವಿನ ಅಂತರ ಎಲ್ಲೆಡೆ ಒಂದೇ ಆಗುತ್ತದೆ. ಒಂದು ಕಡೆ ಅಂತರ ಎರಡರಷ್ಟಿದ್ದರೆ ಅಲ್ಲೊಂದು ಸಾಲು ಮುಚ್ಚಿಹೋಗಿದೆ ಎಂದೇ ಅರ್ಥ. ಆ ಜಾಗವನ್ನು ಖಾಲಿ ಬಿಡಬೇಕು, ಮುಚ್ಚಬಾರದು.

ಈಗ ಒಂದು ಸಾಲನ್ನೇ ಬಿಡಿಸಿ ನೋಡೋಣ. ಬೆಂಗಳೂರಿನ ಕೆಎಸ್‌ಆರ್ ನಿಲ್ದಾಣದ ಫಲಕದ ಫೋಟೊ ಎಂದುಕೊಳ್ಳಿ. ರೈಲಿನ ಸಂಖ್ಯೆ 1262 ತನಕ ಸ್ಪಷ್ಟ, ಕೊನೆಯ ಅಂಕಿಯ ಮೇಲೆ ಹೊಳಪು. ಅದು 7 ಇರಬಹುದು, 8 ಇರಬಹುದು. ಹೆಸರು ಕರ್ನಾಟಕ ಎಕ್ಸ್‌ಪ್ರೆಸ್. ಹೊತ್ತು 19:20, ಪಕ್ಕದಲ್ಲಿ ನಿರ್ಗಮನದ ಗುರುತು. ಬಲತುದಿಯಲ್ಲಿ 1, ಅಲ್ಲಿಗೆ ಫೋಟೊ ಮುಗಿಯಿತು.

ಊರಿನ ಹೆಸರು ಈ ಸಾಲಿನಲ್ಲಿ ಇಲ್ಲವೇ ಇಲ್ಲ. ರೈಲಿನ ಹೆಸರು ನೋಡಿದರೂ ತಿಳಿಯದು, ಏಕೆಂದರೆ ಹೋಗುವ ರೈಲಿಗೂ ಬರುವ ರೈಲಿಗೂ ಹೆಸರು ಒಂದೇ. ಸಂಖ್ಯೆ ಮಾತ್ರ ಬೇರೆ: 12627 ಇಲ್ಲಿಂದ ನವದೆಹಲಿಗೆ ಹೊರಡುತ್ತದೆ, 12628 ಅಲ್ಲಿಂದ ಬಂದು ಇಲ್ಲಿಗೆ ಕೊನೆಗೊಳ್ಳುತ್ತದೆ. ಕೊನೆಗೊಳ್ಳುವ ರೈಲಿಗೆ ನಿರ್ಗಮನದ ಗುರುತು ಇರಲಾರದು. ಹಾಗಾಗಿ ಆ ಅಂಕಿ 7, ಊರು ನವದೆಹಲಿ. ಇದನ್ನು ಊಹೆ ಎನ್ನಲಾಗದು, ಸಾಲಿನ ಇನ್ನೊಂದು ತುದಿಯೇ ಸಾಕ್ಷಿ ಹೇಳುತ್ತಿದೆ.

ಪ್ಲಾಟ್‌ಫಾರ್ಮಿನ ವಿಷಯದಲ್ಲಿ ಈ ಜಾಣತನ ನಡೆಯುವುದಿಲ್ಲ. ಕೆಎಸ್‌ಆರ್‌ನಲ್ಲಿ 10 ಪ್ಲಾಟ್‌ಫಾರ್ಮ್‌ಗಳಿವೆ, ಆದ್ದರಿಂದ ಅಂಚಿನ 1 ನಿಜಕ್ಕೂ 1 ಆಗಿರಬಹುದು, ಸೊನ್ನೆ ಕತ್ತರಿಸಿಹೋದ 10 ಕೂಡ ಆಗಿರಬಹುದು. ವೇಳಾಪಟ್ಟಿ ಇಲ್ಲಿ ನೆರವಿಗೆ ಬಾರದು. ದಿನವೂ ಒಂದೇ ಕಡೆ ನಿಲ್ಲುವ ರೈಲನ್ನು ಆವತ್ತು ಬೇರೆಡೆಗೆ ಕಳಿಸಿರಬಹುದು. ಅದನ್ನು ತಿಳಿಯಲೆಂದೇ ಅಲ್ಲವೇ ಜನ ಫಲಕ ನೋಡುವುದು? ನೋಡಬೇಕಾದದ್ದು ಒಂದೇ: ಅಂಕಿಯ ಬಲಕ್ಕೆ ಇನ್ನೊಂದು ಅಂಕಿ ಹಿಡಿಸುವಷ್ಟು ಕಪ್ಪು ಜಾಗವೂ ಫಲಕದ ಚೌಕಟ್ಟೂ ಫೋಟೊದಲ್ಲಿ ಇವೆಯೇ? ಇದ್ದರೆ 1 ಎಂದು ಬರೆಯಬಹುದು. ಇಲ್ಲದಿದ್ದರೆ ಸಾಲು ಹೀಗಿರಬೇಕು:

```
19:20 | ನವದೆಹಲಿ | 1?
```

ಹೊತ್ತಿಗೂ ಇದೇ ನಿಯಮ. ಫಲಕದಲ್ಲಿರುವುದು ರೈಲು ಹೊರಡಬಹುದಾದ ಆ ದಿನದ ಹೊತ್ತು, ತಡವಿದ್ದರೆ ಅದು ವೇಳಾಪಟ್ಟಿಗಿಂತ ಬೇರೆಯೇ. 19:20ರ ನಿಮಿಷ ಮಸುಕಾಗಿದ್ದರೆ ವೇಳಾಪಟ್ಟಿ ನೋಡಿ ತುಂಬಿಸುವ ತಂತ್ರಾಂಶ, ತಡವಾದ ರೈಲನ್ನೂ ಸರಿಯಾದ ಹೊತ್ತಿಗೆ ಹೊರಡಿಸಿಬಿಡುತ್ತದೆ.

ಕೆಳಗಿನ ಅಂಚಿನಲ್ಲಿ ಅರ್ಧಕ್ಕೆ ತುಂಡಾದ ಸಾಲು ಬಂದರೆ ಅಷ್ಟು ಹೆಣಗಾಡಬೇಕಿಲ್ಲ. ಮೇಲರ್ಧ ಮಾತ್ರ ಕಂಡಾಗ 8ಕ್ಕೂ 9ಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಅಲ್ಲೊಂದು ರೈಲಿದೆ ಎಂದಷ್ಟೇ ದಾಖಲಿಸಿ, ಇನ್ನೊಂದು ಫೋಟೊ ಕೇಳುವುದು ಮೇಲು.