ಒಂದು ಮೂಲದಿಂದ ಇನ್ನೊಂದಕ್ಕೆ ಜಿಗಿತ

1988ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರನೇ ಪ್ರಶ್ನೆ ಇದು: a, b ಧನ ಪೂರ್ಣಾಂಕಗಳಾಗಿದ್ದು k = (a² + b²)/(ab + 1) ಕೂಡ ಪೂರ್ಣಾಂಕವಾದರೆ, k ಪೂರ್ಣವರ್ಗವೆಂದು ಸಾಧಿಸಿ.

b, kಗಳನ್ನು ಹಾಗೇ ಇಟ್ಟು, ಇದನ್ನು aಯ ವರ್ಗಸಮೀಕರಣವಾಗಿ ಓದಿ: a² − kba + b² − k = 0. ಮೂಲಗಳ ಮೊತ್ತ kb. ಹಾಗಾಗಿ ಇನ್ನೊಂದು ಮೂಲ kb − a, ಅದೂ ಪೂರ್ಣಾಂಕವೇ. (30, 8) ಜೋಡಿಗೆ k = 964/241 = 4. 30ರ ಜಾಗಕ್ಕೆ 32 − 30 = 2 ಬರುತ್ತದೆ. ಈಗ ಜೋಡಿ (8, 2); 8ರ ಜಾಗಕ್ಕೆ 8 − 8 = 0. ಕೊನೆಗೆ (2, 0), k = 2².

ಪ್ರತಿಸಲವೂ ಹೀಗೇ ಏಕೆ? a ≥ b ಆಗಿರಲಿ. ಮೂಲಗಳ ಗುಣಲಬ್ಧ b² − k ಆದ್ದರಿಂದ ಹೊಸ ಮೂಲ aಗಿಂತ ಚಿಕ್ಕದು. ಅದು ಋಣವೂ ಆಗಲಾರದು: ಆದರೆ ಛೇದ ಸೊನ್ನೆ ಅಥವಾ ಋಣವಾಗುತ್ತದೆ, ವರ್ಗಗಳ ಮೊತ್ತವೋ ಧನವೇ. ಈ ಹೆಜ್ಜೆಯನ್ನು ಬಿಟ್ಟರೆ ಸಾಧನೆ ನಿಲ್ಲದು. ಧನ ಪೂರ್ಣಾಂಕಗಳು ಕೊನೆಯಿಲ್ಲದೆ ಇಳಿಯಲಾರವು, ಸೊನ್ನೆ ಸಿಗಲೇಬೇಕು. ಆಗ ಉಳಿದ ಸಂಖ್ಯೆಯ ವರ್ಗವೇ k.