ಮಾಲ್ಗುಡಿಯ ಕೊನೆಯ ಕಂತುಗಳು ಯಾರವು?

‘ಮಾಲ್ಗುಡಿ ಡೇಸ್’ ಪೂರ್ತಿ ಶಂಕರ್‌ನಾಗ್ ಅವರದೇ ಎಂದು ವಾದಿಸುವವರಿಗೆ ಕೊರತೆಯಿಲ್ಲ. ಇತ್ಯರ್ಥಕ್ಕೆ ಕಂತಿನ ಕೊನೆಯಲ್ಲಿ ಓಡುವ ಹೆಸರುಗಳನ್ನೇ ನೋಡಬೇಕು. ಅವು ಸರ್ರನೆ ಸರಿಯುತ್ತವೆ. ವಿಡಿಯೊ ನಿಲ್ಲಿಸಿ ಓದಿ. 2006ರ ಕಂತುಗಳಲ್ಲಿ ನಿರ್ದೇಶಕರ ಜಾಗದಲ್ಲಿರುವುದು ಕವಿತಾ ಲಂಕೇಶ್.

ಮರುಪ್ರಸಾರದಲ್ಲಿ ಈ ಭಾಗಕ್ಕೇ ಕತ್ತರಿ ಬೀಳುವುದುಂಟು. ಆಗ ಹಳೆಯ ಪತ್ರಿಕೆಯ ‘ಇಂದಿನ ಟಿವಿ’ ಅಂಕಣ ನೆರವಾದೀತು. ಆದರೆ ಅದು ಹೇಳುವುದು ದಿನ, ವೇಳೆ ಮಾತ್ರ. ಮರುಪ್ರಸಾರದ ದಿನವನ್ನೇ ಮೊದಲ ಪ್ರಸಾರವೆಂದುಕೊಂಡರೆ ಲೆಕ್ಕವೆಲ್ಲ ತಲೆಕೆಳಗು. ಕ್ರಿಕೆಟ್ ಪಂದ್ಯಕ್ಕಾಗಿ ಕಾರ್ಯಕ್ರಮ ಮುಂದೂಡಿದ್ದೂ ಅಲ್ಲಿ ಸಿಗದು.

ಕೊನೆಗೆ ಕಂತುಪಟ್ಟಿ. ಒಳ್ಳೆಯ ಪಟ್ಟಿ 1986ರಲ್ಲಿ ಶುರುವಾದ 39 ಕಂತುಗಳನ್ನೂ 2006ರ 15 ಕಂತುಗಳನ್ನೂ ಬೇರೆಯಾಗಿಯೇ ತೋರಿಸುತ್ತದೆ. ಶಂಕರ್‌ನಾಗ್ ತೀರಿಕೊಂಡದ್ದು 1990ರಲ್ಲಿ. ಐವತ್ನಾಲ್ಕನ್ನೂ ಅವರ ಹೆಸರಿಗೇ ಬರೆದ ಪಟ್ಟಿಯನ್ನು ಉಳಿದ ವಿವರಗಳಿಗೂ ನಾನು ನಂಬುವುದಿಲ್ಲ.